ಇನಿಷಿಯಲ್ಲಿನ ಊರು, ಹುಟ್ಟಿದ ಊರು

ಡಿ.ವಿ.ಜಿ. ಎಂಬ ಮೂರು ಅಕ್ಷರಗಳನ್ನು ಬಿಡಿಸಿದರೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಊರು, ತಂದೆ, ತಾನು. ಹಳೆಯ ಮೈಸೂರಿನ ಕಡೆ ಹೆಸರು ಕಟ್ಟುವ ಕ್ರಮವೇ ಇದು. ಹಾಗಾಗಿ ಗುಂಡಪ್ಪನವರು ದೇವನಹಳ್ಳಿಯಲ್ಲಿ ಹುಟ್ಟಿದರು ಎಂದು ಪರಿಚಯದ ಸಾಲು ಬರೆದುಬಿಡುವುದು ಬಹಳ ಸುಲಭ. ಅವರು ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ.

ಇದೊಂದೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಯು.ಆರ್. ಅನಂತಮೂರ್ತಿಯವರ ಮೊದಲ ಅಕ್ಷರ ಉಡುಪಿ, ಎರಡನೆಯದು ತಂದೆ ರಾಜಗೋಪಾಲಾಚಾರ್ಯರು. ಹುಟ್ಟಿದ್ದು ತೀರ್ಥಹಳ್ಳಿ ತಾಲೂಕಿನ ಮೇಳಿಗೆಯಲ್ಲಿ. ಮಾಸ್ತಿಯವರು ಹುಟ್ಟಿದ್ದು ಮಾಸ್ತಿಯಲ್ಲಲ್ಲ, ಹೊಂಗೇನಹಳ್ಳಿಯಲ್ಲಿ. ಬಿ.ಎಂ. ಶ್ರೀಕಂಠಯ್ಯನವರ 'ಬಿ' ಬೆಳ್ಳೂರು, ಹುಟ್ಟೂರು ಸಂಪಿಗೆ. ಕೆ.ಎಸ್. ನರಸಿಂಹಸ್ವಾಮಿಯವರಂತೆ ಕಿಕ್ಕೇರಿಯಲ್ಲೇ ಹುಟ್ಟಿ ಕಿಕ್ಕೇರಿಯನ್ನೇ ಹೊತ್ತವರೂ ಇದ್ದಾರೆ, ನಿಜ. ಆದರೆ ಎರಡೂ ಒಂದೇ ಆಗಿರಬೇಕೆಂದು ಮೊದಲೇ ನಂಬಿ ಕೂರುವಂತಿಲ್ಲ.

ಕುವೆಂಪು ಅವರ ಹೆಸರಿನಲ್ಲಿ ಇದರ ಕಾರಣ ಕಾಣುತ್ತದೆ. ಕುಪ್ಪಳಿ, ವೆಂಕಟಪ್ಪ, ಪುಟ್ಟಪ್ಪ ಎಂಬ ಮೂರರಿಂದಲೂ ಮೊದಲ ಅಕ್ಷರ ತೆಗೆದು ಕಟ್ಟಿದ ಹೆಸರು ಅದು. ಕವಿ ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ. ಅದು ತಾಯಿ ಸೀತಮ್ಮನವರ ತವರು. ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ, ಮಗು ಅಲ್ಲಿ ಕಣ್ಣುಬಿಡುತ್ತದೆ, ಬಾಣಂತನ ಮುಗಿದ ಮೇಲೆ ತಂದೆಯ ಮನೆಗೆ ಬರುತ್ತದೆ. ಇನಿಷಿಯಲ್ಲಿಗೆ ಸೇರುವುದು ಮಗು ಬಂದು ಸೇರಿದ ಊರು, ಹೊರಟ ಊರಲ್ಲ. ಹೀಗಾಗಿ ನಾವು ಹುಟ್ಟೂರೆಂದು ಓದುವ ಅಕ್ಷರ ಅನೇಕ ಸಲ ತಂದೆಯ ಮನೆತನದ ಊರು. ತಂದೆಯ ಹೆಸರಂತೂ ಪಕ್ಕದಲ್ಲೇ ಇದೆ. ಅಂದರೆ ಎರಡು ಇನಿಷಿಯಲ್ಲುಗಳೂ ತಂದೆಯ ಕಡೆಯವೇ. ಸೀತಮ್ಮನವರಿಗಾಗಲಿ ಹಿರೇಕೊಡಿಗೆಗಾಗಲಿ ಅಲ್ಲಿ ಒಂದಕ್ಷರದ ಜಾಗವೂ ಇಲ್ಲ.

ಓದಿಗೆ ಇದರಿಂದೇನು ಎಂದು ಕೇಳಬಹುದು. 'ಸಂಸ್ಕಾರ'ದ ದೂರ್ವಾಸಪುರವನ್ನು ಉಡುಪಿಯ ಸುತ್ತ ಹುಡುಕಿದರೆ ಸಿಗುವುದಿಲ್ಲ. ಆ ಅಗ್ರಹಾರದ ಪಕ್ಕ ಹರಿಯುವುದು ತುಂಗೆ. 'ಯು' ಎಂಬ ಅಕ್ಷರ ಹಿಡಿದು ಅನಂತಮೂರ್ತಿಯವರನ್ನು ಕರಾವಳಿಯ ಲೇಖಕರ ಸಾಲಿಗೆ ಸೇರಿಸಿದರೆ, ಮಲೆನಾಡಿನ ನೆಲ ನಮ್ಮ ಓದಿನಿಂದ ಜಾರಿಹೋಗುತ್ತದೆ. ಆ 'ಯು' ಒಂದು ವಲಸೆಯ ಗುರುತಿನಂತೆ ನನಗೆ ಕಾಣುತ್ತದೆ: ಮನೆತನ ಘಟ್ಟ ಹತ್ತಿದರೂ ಹೆಸರು ಕೆಳಗಿನ ಊರನ್ನು ಬಿಡಲಿಲ್ಲ.

ಮೊದಲ ಅಕ್ಷರ ಊರೇ ಆಗಿರಬೇಕೆಂದೂ ಇಲ್ಲ. ಪು.ತಿ.ನ. ಅವರ 'ಪು' ಎಂದರೆ ಪುರೋಹಿತ, 'ತಿ' ತಂದೆ ತಿರುನಾರಾಯಣ ಅಯ್ಯಂಗಾರ್. ಅವರು ಹುಟ್ಟಿ ಬೆಳೆದ ಮೇಲುಕೋಟೆ ಹೆಸರಿನಲ್ಲೇ ಇಲ್ಲ. ಎರಡನೆಯ ಅಕ್ಷರ ತಂದೆಯೇ ಎಂಬುದೂ ಗಂಡಸರ ಮಟ್ಟಿಗಿನ ಮಾತು. ಎಂ.ಕೆ. ಇಂದಿರಾ ಅವರ 'ಕೆ' ಗಂಡ ಕೃಷ್ಣರಾವ್. ತಂದೆ ಸೂರ್ಯನಾರಾಯಣ ರಾವ್ ಮಗಳ ಹೆಸರಿನಲ್ಲಿ ಉಳಿದಿಲ್ಲ. 'ಫಣಿಯಮ್ಮ' ಬರೆದವರ ಹೆಸರನ್ನೂ ಮದುವೆ ತಿದ್ದಿತ್ತು.

ಧಾರವಾಡದ ಕಡೆ ಹೋದರೆ ಲೆಕ್ಕವೇ ತಲೆಕೆಳಗು. ಅಲ್ಲಿ ಮೊದಲು ತಾನು, ಆಮೇಲೆ ತಂದೆ, ಕೊನೆಗೆ ಅಡ್ಡಹೆಸರು. ದ.ರಾ. ಬೇಂದ್ರೆಯವರಲ್ಲಿ 'ರಾ' ತಂದೆ ರಾಮಚಂದ್ರ, 'ದ' ಸ್ವತಃ ದತ್ತಾತ್ರೇಯ. ಮೈಸೂರಿನವನ ಹೆಸರಿನಲ್ಲಿ ಅಪ್ಪ ಅಕ್ಷರವಾದರೆ ಇಲ್ಲಿ ಮಗನೂ ಅಕ್ಷರವಾಗುತ್ತಾನೆ, ಪೂರ್ತಿ ಉಳಿಯುವುದು ಮನೆತನ. ವಿ.ಕೃ. ಗೋಕಾಕರಲ್ಲಿ ಆ ಅಡ್ಡಹೆಸರೂ ಊರೇ, ಆದರೆ ಅವರು ಹುಟ್ಟಿದ್ದು ಸವಣೂರಿನಲ್ಲಿ. ಬೇಂದ್ರೆ ಅಂಬಿಕಾತನಯದತ್ತ ಎಂಬ ಇನ್ನೊಂದು ಹೆಸರು ಇಟ್ಟುಕೊಂಡದ್ದನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ತಂದೆಯ ಜಾಗಕ್ಕೆ ತಾಯಿ ಬಂದಳು, ಅಕ್ಷರವಾಗಿದ್ದ 'ದ' ಮತ್ತೆ ದತ್ತನಾಯಿತು, ಬೇಂದ್ರೆ ಎಂಬ ಮನೆತನ ಬಿಟ್ಟುಹೋಯಿತು. ವಿಮರ್ಶೆ ಈ ಹೆಸರನ್ನು ಮಾತೃಭಕ್ತಿ ಎಂದಷ್ಟೇ ಓದಿದರೆ ಕಡಿಮೆಯಾಯಿತು. ಅದು ಹೆಸರಿನ ವ್ಯಾಕರಣದ ಜೊತೆಗೇ ಒಂದು ಜಗಳ.

ಸಂಶೋಧನಾ ಪ್ರಬಂಧದ ಗ್ರಂಥಸೂಚಿ ಮಾಡುವಾಗ ಈ ಎರಡು ವ್ಯಾಕರಣಗಳನ್ನು ಒಂದೇ ಅಚ್ಚಿಗೆ ಹಾಕಬೇಕಾಗುತ್ತದೆ. ಕೊನೆಯ ಪದವೇ ಅಡ್ಡಹೆಸರು ಎಂಬ ನಿಯಮಕ್ಕೆ ಬೇಂದ್ರೆ, ಗೋಕಾಕ ಸಲೀಸಾಗಿ ಒಗ್ಗುತ್ತಾರೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಮಾತ್ರ 'ಅ' ಅಕ್ಷರದಡಿ, 'ಅಯ್ಯಂಗಾರ್' ಎಂದು ಕೂರುತ್ತಾರೆ. ಕನ್ನಡ ಓದುಗರು ಊರಿನ ಹೆಸರಿನಿಂದಲೇ ಕರೆಯುವ ಲೇಖಕರಿಗೆ ಸೂಚಿಯಲ್ಲಿ ಜಾತಿಯೇ ತಲೆಬರಹ. ನಾನು ಅವರನ್ನು 'ಮ'ದಲ್ಲೇ ಇಟ್ಟಿದ್ದೇನೆ, ಮಾರ್ಗದರ್ಶಕರು ಇನ್ನೂ ಒಪ್ಪಿಲ್ಲ.

ದೇವನೂರ ಮಹಾದೇವರದ್ದು ಹೀಗೆ ಬಿಡಿಸಬೇಕಾದ ಹೆಸರಲ್ಲ. ಊರು ಅಕ್ಷರವಾಗಿ ಕುಗ್ಗದೆ ಷಷ್ಠಿ ವಿಭಕ್ತಿಯೊಂದಿಗೆ ಪೂರ್ತಿ ನಿಂತಿದೆ, ದೇವನೂರಿನ ಮಹಾದೇವ ಎಂಬಂತೆ. ಅಪ್ಪನ ಹೆಸರನ್ನು ಅಲ್ಲಿ ಯಾರೂ ಹುಡುಕುವುದಿಲ್ಲ.