ಗೋಡೆ ಸವರಿ ಬರುವ ಬೆಳಕು

ಹೊಸ ಮನೆಯ ಹಾಲ್. ಪೇಂಟರು ಎರಡು ಕೋಟು ಪುಟ್ಟಿ ಎಳೆದು, ಉಜ್ಜಿ, ಬಣ್ಣ ಮುಗಿಸಿ ಹೋಗಿದ್ದಾರೆ. ಹಗಲಲ್ಲಿ ಗೋಡೆ ನುಣುಪಾಗಿದೆ, ಎಲ್ಲೂ ಒಂದು ತಕರಾರಿಲ್ಲ. ಸಂಜೆ ಫಾಲ್ಸ್ ಸೀಲಿಂಗಿನ ಸಂದಿಯಲ್ಲಿ ಕೂರಿಸಿದ ಎಲ್‌ಇಡಿ ಪಟ್ಟಿ ಹೊತ್ತಿಸಿದ ಕೂಡಲೇ ಅದೇ ಗೋಡೆಯ ಮೇಲೆ ಪುಟ್ಟಿಯ ಅಂಚು, ವೈರಿಂಗಿಗೆ ಕೊರೆದು ಮುಚ್ಚಿದ ಗಾಡಿ, ಮಟ್ಟಗೋಲು ಸರಿಯಾಗಿ ಕೂರದ ಜಾಗ, ಎಲ್ಲವೂ ಎದ್ದು ನಿಲ್ಲುತ್ತವೆ. ಮರುದಿನ ಪೇಂಟರು ಬರುವ ಹೊತ್ತಿಗೆ ಹಗಲಾಗಿರುತ್ತದೆ, ಗೋಡೆ ಮತ್ತೆ ನುಣುಪಾಗಿರುತ್ತದೆ.

ಗೋಡೆಗೆ ಒತ್ತಿಕೊಂಡೇ ಇಳಿಯುವ ಈ ಓರೆ ಬೆಳಕಿನ ಲೆಕ್ಕ ಸರಳ. ಪಟ್ಟಿ ಗೋಡೆಯಿಂದ 5 ಸೆಂಟಿಮೀಟರ್ ದೂರದಲ್ಲಿದೆ ಎನ್ನಿ. ಅದರಿಂದ ಒಂದೂವರೆ ಮೀಟರ್ ಕೆಳಗೆ, ಅಂದರೆ ಹೆಚ್ಚುಕಡಿಮೆ ನಿಂತವರ ಕಣ್ಣಿನ ಮಟ್ಟದಲ್ಲಿ, ಬೆಳಕು ಗೋಡೆಗೆ ಬರೀ 2 ಡಿಗ್ರಿ ಓರೆಯಲ್ಲಿ ತಾಗುತ್ತದೆ. ಅಲ್ಲಿ 1 ಮಿಲಿಮೀಟರ್ ಉಬ್ಬಿದ ಪುಟ್ಟಿಯ ನೆರಳು 30 ಮಿಲಿಮೀಟರ್ ಉದ್ದ ಬೀಳುತ್ತದೆ. ಅದೇ ಪಟ್ಟಿಯನ್ನು 45 ಸೆಂಟಿಮೀಟರ್ ಆಚೆಗೆ ಸರಿಸಿದರೆ ನೆರಳು ಸುಮಾರು 3 ಮಿಲಿಮೀಟರಿಗೆ ಕುಗ್ಗಿ ಕಣ್ಣಿಗೇ ಬೀಳುವುದಿಲ್ಲ. ಮೂರನೇ ಕೋಟು ಪುಟ್ಟಿಗೆ ದುಡ್ಡು ಸುರಿಯುವ ಮೊದಲು ದೀಪವನ್ನು ಒಂದಡಿ ಜರುಗಿಸಲು ಆಗುತ್ತದೆಯೇ ಎಂದು ನೋಡುವುದು ಮೇಲು.

ನೆರಳು ಬೀಳಿಸುವಷ್ಟು ಉಬ್ಬು ಇಲ್ಲದಿದ್ದರೂ ಕಲೆ ಕಾಣುವುದುಂಟು. ಗೋಡೆಯ ಒಂದು ಭಾಗ ಹೊಳಪಾಗಿ ಕಾಣುವುದೋ ಮಂಕಾಗಿ ಕಾಣುವುದೋ ಎಂಬುದು ಬೆಳಕು ಅದನ್ನು ಎಷ್ಟು ಓರೆಯಲ್ಲಿ ಮುಟ್ಟುತ್ತದೆ ಎಂಬುದರ ಮೇಲೆ ನಿಂತಿದೆ. ಬೆಳಕು 45 ಡಿಗ್ರಿಯಲ್ಲಿ ಬೀಳುವಾಗ ಗೋಡೆ ಒಂದು ಡಿಗ್ರಿ ವಾಲಿದರೆ ಹೊಳಪು ಶೇಕಡಾ 2ರಷ್ಟೂ ಬದಲಾಗುವುದಿಲ್ಲ. ಬೆಳಕು 5 ಡಿಗ್ರಿಯಲ್ಲಿ ಸವರುತ್ತಿದ್ದರೆ ಅದೇ ಒಂದು ಡಿಗ್ರಿಗೆ ಹೊಳಪು ಶೇಕಡಾ 20ರಷ್ಟು ಏರುಪೇರಾಗುತ್ತದೆ. ಒಂದು ಡಿಗ್ರಿ ಎಂದರೆ ಗೇಣಿಗೂ ಕಡಿಮೆ ಉದ್ದದಲ್ಲಿ, 10 ಸೆಂಟಿಮೀಟರಿನಲ್ಲಿ, 2 ಮಿಲಿಮೀಟರಿಗೂ ಕಡಿಮೆ ಏರಿಳಿತ. ಕೈಯಿಂದ ಮಾಡಿದ ಗೋಡೆಯಲ್ಲಿ ಇಷ್ಟು ಏರಿಳಿತ ಅಲ್ಲಲ್ಲಿ ಇರುವುದುಂಟು.

ಹಾಗಾದರೆ ಹಳೆಯ ಸುಣ್ಣದ ಗಾರೆಯ ಗೋಡೆ ಅದೇ ಬೆಳಕಿನಲ್ಲಿ ಏಕೆ ಅಷ್ಟು ಚೆಂದ? ಅದೇನೂ ಮಟ್ಟಸವಾಗಿರುವುದಿಲ್ಲ, ಇನ್ನೂ ಹೆಚ್ಚೇ ಅಂಕುಡೊಂಕು. ವ್ಯತ್ಯಾಸ ಅಂಚಿನಲ್ಲಿದೆ. ಪುಟ್ಟಿಯ ತೇಪೆ ಒಂದು ಗೆರೆಯಲ್ಲಿ ತಟ್ಟನೆ ನಿಲ್ಲುತ್ತದೆ, ಕಣ್ಣು ಆ ಗೆರೆಯನ್ನೇ ಹಿಡಿಯುತ್ತದೆ. ಗಾರೆಯ ಏರಿಳಿತ ಮೊಳ ಎರಡು ಮೊಳ ದೂರಕ್ಕೆ ನಿಧಾನವಾಗಿ ಹರಡಿರುತ್ತದೆ, ಹೊಳಪು ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಹಂಪಿಯ ಕಮಲ ಮಹಲಿನ ಕಮಾನುಗಳಲ್ಲಿ ಉಳಿದಿರುವ ಗಾರೆಯ ಕುಸುರಿಯನ್ನು ಇಳಿಬಿಸಿಲಿನಲ್ಲಿ ನೋಡಿದರೆ ಇದು ತಿಳಿಯುತ್ತದೆ.

ಗಾರೆಯ ಕೊನೆಯ ಪದರ 2–3 ಮಿಲಿಮೀಟರಿಗಿಂತ ದಪ್ಪವಿರುವುದಿಲ್ಲ. ನೆನೆಹಾಕಿ ಹದಗೊಂಡ ಸುಣ್ಣಕ್ಕೆ ನಯವಾದ ಮರಳನ್ನೋ ಅಮೃತಶಿಲೆಯ ಪುಡಿಯನ್ನೋ ಬೆರೆಸಿ ಕರಣಿಯಿಂದ ಎಳೆಯುತ್ತಾರೆ. ಎಳೆದ ಮೇಲೆ ಕಾಯಬೇಕು. ಬೆರಳು ಒತ್ತಿದರೆ ಗುರುತು ಮೂಡಬೇಕು, ಆದರೆ ಬೆರಳಿಗೆ ಮೆತ್ತಬಾರದು. ಆ ಹದದಲ್ಲಿ ಕರಣಿಯನ್ನು ಒತ್ತಿ ಉಜ್ಜಿದರೆ ಮೈ ಬಿಗಿಯಾಗುತ್ತದೆ. ಮುಂಚೆಯೇ ಉಜ್ಜಿದರೆ ನೀರು ಮೇಲೆ ಬಂದು ಕೂದಲೆಳೆಯ ಬಿರುಕು ಬಿಡುತ್ತದೆ, ತಡವಾದರೆ ಕರಣಿಯ ಕಪ್ಪು ಗೀರು ಉಳಿಯುತ್ತದೆ. ಬಿಸಿಲು ಗಾಳಿಗೆ ಬೇಗ ಒಣಗಿದರೂ ಬಿರುಕೇ. ಹಾಗಾಗಿ ಒದ್ದೆ ಗೋಣಿಯನ್ನು ಇಳಿಬಿಟ್ಟು ದಿನಗಟ್ಟಲೆ ತಂಪು ಕಾಯ್ದುಕೊಳ್ಳುತ್ತಾರೆ. ಸುಣ್ಣ ಗಟ್ಟಿಯಾಗುವುದು ಒಣಗುವುದರಿಂದಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗುವುದರಿಂದ. ಅದಕ್ಕೆ ತೇವ ಬೇಕು.

ಸುಣ್ಣ ಬಳಿಯುವುದು ಇದಕ್ಕಿಂತ ಹಗುರದ ಕೆಲಸ ಎಂದು ಜನ ತಿಳಿದಿದ್ದಾರೆ. ಹಬ್ಬಕ್ಕೆ ಮುಂಚೆ ಮನೆಮಂದಿಯೇ ಬಳಿಯುತ್ತಿದ್ದ ಕಾಲವಿತ್ತಲ್ಲ! ಕೈ ಕಣ್ಣು ಸುಡುವ ವಸ್ತು ಎಂಬುದನ್ನು ಮರೆಯದಿದ್ದರೆ ಈಗಲೂ ಬಳಿಯಬಹುದು. ಆದರೆ ಹದ ತಪ್ಪುವುದು ಇಲ್ಲೇ ಹೆಚ್ಚು. ತಿಳಿ ಹಾಲಿನ ಹಾಗೆ ಕದಡಿ ಬಟ್ಟೆಯಲ್ಲಿ ಸೋಸಬೇಕು, ಗೋಡೆಗೆ ಮೊದಲು ನೀರು ಚಿಮುಕಿಸಬೇಕು. ಕುಂಚ ಆಡಿಸಿದಾಗ ಏನೂ ಹತ್ತಿದಂತೆ ಕಾಣುವುದಿಲ್ಲ. ಹರಳುಗಳ ನಡುವೆ ನೀರು ತುಂಬಿರುವ ತನಕ ಬೆಳಕು ಒಳಗೆ ಹಾಯ್ದುಹೋಗುತ್ತದೆ, ನೀರು ಆರಿ ಆ ಜಾಗಕ್ಕೆ ಗಾಳಿ ಬಂದ ಮೇಲೆಯೇ ಬೆಳ್ಳಗೆ ಅರಳುತ್ತದೆ. ಇದನ್ನು ಅರಿಯದವರು ದಪ್ಪಗೆ ಬಳಿಯುತ್ತಾರೆ, ಅದು ಹೊಪ್ಪಳಿಕೆಯಾಗಿ ಏಳುತ್ತದೆ. ದಿನಕ್ಕೊಂದರಂತೆ ನಾಲ್ಕೈದು ತೆಳು ಕೋಟು ಕೊಟ್ಟರೆ ನಿಲ್ಲುತ್ತದೆ. ಪ್ಲಾಸ್ಟಿಕ್ ಎಮಲ್ಷನ್ ಬಳಿದ ಗೋಡೆಯ ಮೇಲೆ ಸುಣ್ಣ ಹಿಡಿಯುವುದಿಲ್ಲ. ಒಂದು ಹನಿ ನೀರು ಹಚ್ಚಿ ನೋಡಿದರೆ ಸಾಕು: ಹೀರಿಕೊಂಡರೆ ಸುಣ್ಣಕ್ಕೂ ಜಾಗವಿದೆ, ಮಣಿಯಾಗಿ ಜಾರಿದರೆ ಇಲ್ಲ.

ಓರೆ ಬೆಳಕಿನಲ್ಲಿ ಸುಣ್ಣದ ಗೋಡೆಗೆ ಒಂದು ಅನುಕೂಲವಿದೆ. ಸಾಮಾನ್ಯವಾಗಿ ಮ್ಯಾಟ್ ಎನ್ನುವ ಬಣ್ಣವೂ ಕಡುಓರೆಯಲ್ಲಿ ನೋಡಿದರೆ ಮಿರುಗುತ್ತದೆ. ಬಣ್ಣದ ಈ ಮಿರುಗನ್ನು ಅಳೆಯುವ ಉಪಕರಣ 85 ಡಿಗ್ರಿಯಲ್ಲಿ, ಅಂದರೆ ಗೋಡೆಗೆ ಬರೀ 5 ಡಿಗ್ರಿ ಓರೆಯಲ್ಲಿ, ಬೆಳಕು ಬಿಡುವುದು ಅದಕ್ಕೇ. ಸುಣ್ಣಕ್ಕೆ ಮೇಲೆ ಪ್ಲಾಸ್ಟಿಕ್ಕಿನ ಪೊರೆಯಿಲ್ಲ, ಒರಟು ಹರಳುಗಳ ಮೈ ಮಾತ್ರ. ಹೀಗಾಗಿ ಕುಂಚದ ಗುರುತು ಕಂಡರೂ ಬೂದಿಯಂಥ ಮೃದು ಛಾಯೆಯಾಗಿ ಕಾಣುತ್ತದೆ.

ರೋಲರಿನ ಟೆಕ್ಸ್ಚರ್ ಪೇಂಟಿನದು ಬೇರೆಯದೇ ತೊಡಕು. 6 ಸೆಂಟಿಮೀಟರ್ ಅಡ್ಡಳತೆಯ ಚಿತ್ತಾರದ ರೋಲರ್ ಒಂದು ಸುತ್ತಿಗೆ 19 ಸೆಂಟಿಮೀಟರ್ ಉರುಳುತ್ತದೆ. ಎಂದರೆ ಪ್ರತಿ 19 ಸೆಂಟಿಮೀಟರಿಗೆ ಅದೇ ಗುಳಿ, ಅದೇ ಉಬ್ಬು. ಎದುರು ಬೆಳಕಿನಲ್ಲಿ ಇದು ಗೊತ್ತಾಗುವುದಿಲ್ಲ, ಓರೆ ಬೆಳಕು ಬಿದ್ದರೆ ಅಚ್ಚು ಒತ್ತಿದ ಸೀರೆಯ ಹಾಗೆ ಸಾಲು ಕಾಣುತ್ತದೆ. ಊಟಕ್ಕೆಂದು ಕೆಲಸ ನಿಲ್ಲಿಸಿದ ಜಾಗವೂ ಉಳಿದುಬಿಡುತ್ತದೆ, ಒಣಗಿದ ಅಂಚಿನ ಮೇಲೆ ಹಸಿ ಪದರ ಏರಿರುತ್ತದೆ. ಒಬ್ಬರು ಪೇಸ್ಟ್ ಎಳೆಯುತ್ತಾ ಇನ್ನೊಬ್ಬರು ಬೆನ್ನಿಗೇ ರೋಲರ್ ಆಡಿಸುತ್ತಾ ಒಂದು ಗೋಡೆಯನ್ನು ಒಂದೇ ದಮ್ಮಿಗೆ ಮುಗಿಸಬೇಕು, ಪ್ರತಿ ಪಟ್ಟೆಯನ್ನೂ ಬೇರೆ ಬೇರೆ ಎತ್ತರದಿಂದ ಶುರು ಮಾಡಬೇಕು.

ಗಾರೆ, ಸುಣ್ಣ, ಟೆಕ್ಸ್ಚರ್ ಮೂರಕ್ಕೂ ಸಲ್ಲುವ ಒಂದು ಮಾತು ಕೆಲಸ ಹಿಡಿಯುವಾಗಲೇ ಆಗಬೇಕು, ಆದರೆ ಹೆಚ್ಚಿನ ಮನೆಗಳಲ್ಲಿ ಆಗುವುದಿಲ್ಲ: ಗೀರು ಯಾವ ದಿಕ್ಕಿಗೆ? ಬೆಳಕಿಗೆ ಅಡ್ಡಲಾಗಿರುವ ಗೀರು ಮಾತ್ರ ನೆರಳು ಬೀಳಿಸುತ್ತದೆ, ಬೆಳಕಿನ ಜೊತೆಗೇ ಓಡುವ ಗೀರು ಅಳಿಸಿಹೋಗುತ್ತದೆ. ಮೇಲೆ ಎಲ್‌ಇಡಿ ಪಟ್ಟಿಯಿರುವ ಗೋಡೆಗೆ ರಸ್ಟಿಕ್ ಟೆಕ್ಸ್ಚರನ್ನು ನೆಟ್ಟಗೆ ಮೇಲಿಂದ ಕೆಳಕ್ಕೆ ಎಳೆದರೆ ಕೊಟ್ಟ ದುಡ್ಡು ರಾತ್ರಿ ಕಾಣುವುದೇ ಇಲ್ಲ. ಅಡ್ಡಡ್ಡ ಎಳೆದರೆ ಕಾಣುತ್ತದೆ, ಆದರೆ ಒಂದೊಂದು ಗೀರಿನ ಮೇಲೂ ಧೂಳು ಕೂರುತ್ತದೆ. ಪಕ್ಕದ ಕಿಟಕಿಯಿಂದ ಬೆಳಕು ಬರುವ ಗೋಡೆಗೆ ಲೆಕ್ಕ ತಿರುಗುಮುರುಗು. ಎರಡು ಅಡಿ ಚೌಕದ ಒಂದು ಮಾದರಿ ಹಾಕಿಸಿ, ಕತ್ತಲಾದ ಮೇಲೆ ಟಾರ್ಚನ್ನು ಗೋಡೆಗೆ ತಾಗಿಸಿ ಹಿಡಿದು, ಮೊದಲು ಮೇಲಿಂದ, ಆಮೇಲೆ ಪಕ್ಕದಿಂದ ಬೆಳಕು ಬಿಟ್ಟು ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ. ಪುಟ್ಟಿಯ ತಪ್ಪು ಹುಡುಕುವುದೂ ಹೀಗೆಯೇ, ಬಣ್ಣಕ್ಕೆ ಮುಂಚೆ.

ಹೊರಗೋಡೆಗೆ ಟಾರ್ಚು ಬೇಡ. ಬೆಂಗಳೂರಿನಲ್ಲಿ ಸೂರ್ಯ ನಡುನೆತ್ತಿ ದಾಟುವುದು ಸರಾಸರಿ 12 ಗಂಟೆ 20 ನಿಮಿಷಕ್ಕೆ, ನವೆಂಬರ್ ಮೊದಲಲ್ಲಿ ಕಾಲು ಗಂಟೆ ಬೇಗ, ಫೆಬ್ರವರಿಯಲ್ಲಿ ಕಾಲು ಗಂಟೆ ತಡ. ಅದಕ್ಕೆ ಮುಂಚಿನ 40 ನಿಮಿಷ ಪೂರ್ವಕ್ಕೆ ಮುಖ ಮಾಡಿದ ಗೋಡೆಯನ್ನು ಬಿಸಿಲು 10 ಡಿಗ್ರಿಗಿಂತ ಕಡಿಮೆ ಓರೆಯಲ್ಲಿ ಸವರುತ್ತದೆ. ಬೆಳಿಗ್ಗೆಯೆಲ್ಲ ಬೋಳಾಗಿ ನಿಂತಿದ್ದ ಸುಣ್ಣದ ಗೋಡೆಯಲ್ಲಿ ಆಗ ಮೇಸ್ತ್ರಿಯ ಕೈ ಆಡಿದ ಒಂದೊಂದು ಬಳಸೂ ಮೂಡಿ, ನಿಮಿಷ ನಿಮಿಷಕ್ಕೂ ನೆರಳು ನೀಳವಾಗುತ್ತಾ, ಬಿಸಿಲು ಗೋಡೆ ಬಿಟ್ಟ ಗಳಿಗೆಯಲ್ಲಿ ಎಲ್ಲವೂ ಒಟ್ಟಿಗೆ ಮಾಯವಾಗುತ್ತದೆ.