ಎರಡು ಗೆರೆಗಳ ನಡುವಿನ ಚುಕ್ಕೆ

ನಮ್ಮ ಗೋದಾಮಿನ ದಿನದ ವರದಿಯಲ್ಲಿ ಮೊದಲು ಬಣ್ಣಬಣ್ಣದ ಪೈ ಚಾರ್ಟ್ ಇರುತ್ತಿತ್ತು. ತಡವಾದ ಪಾರ್ಸೆಲ್‌ಗಳಲ್ಲಿ ಯಾವ ಪಾಳಿಯ ಪಾಲೆಷ್ಟು ಎಂದು ಹೇಳುತ್ತಿತ್ತೇ ಹೊರತು, ತಡ ಹೆಚ್ಚುತ್ತಿದೆಯೇ ಎಂದಲ್ಲ. ಆಮೇಲೆ ನಿನ್ನೆ, ಇಂದು ಎಂಬ ಎರಡು ಕಂಬಗಳು ಬಂದವು. ನಿನ್ನೆ 38, ಇಂದು 47 ಎಂದರೆ ಸಾಕು, ಮ್ಯಾನೇಜರ್ ಎಲ್ಲರನ್ನೂ ಕರೆಸುತ್ತಿದ್ದರು.

ನಾನು ಮನಸೋತದ್ದು 1924ರಲ್ಲಿ ವಾಲ್ಟರ್ ಶೂಹಾರ್ಟ್ ರೂಪಿಸಿದ ಕಂಟ್ರೋಲ್ ಚಾರ್ಟಿಗೆ. ದಿನಕ್ಕೊಂದು ಚುಕ್ಕೆ, ಚುಕ್ಕೆಗಳನ್ನು ಕೂಡಿಸುವ ಗೆರೆ, ನಡುವೆ ಸರಾಸರಿ, ಮೇಲೊಂದು ಕೆಳಗೊಂದು ಮಿತಿ. ನಮ್ಮ ಸರಾಸರಿ 40. ಒಂದು ದಿನಕ್ಕೂ ಮರುದಿನಕ್ಕೂ ಇರುವ ವ್ಯತ್ಯಾಸದ ಸರಾಸರಿ 6. ಅದನ್ನು 2.66ರಿಂದ ಗುಣಿಸಿದರೆ ಸುಮಾರು 16. ಹಾಗಾಗಿ ಮಿತಿಗಳು 24 ಮತ್ತು 56. ಆ 47 ದಿನನಿತ್ಯದ ಏರಿಳಿತವಷ್ಟೇ, ಯಾರನ್ನೂ ಕರೆಸಬೇಕಿರಲಿಲ್ಲ!

ಒಂದು ದಿನ ಚುಕ್ಕೆ 61ಕ್ಕೆ ಹಾರಿತು. ವಿಚಾರಿಸಿದರೆ ಲೇಬಲ್ ಪ್ರಿಂಟರ್ ಮಧ್ಯಾಹ್ನವಿಡೀ ಕೆಟ್ಟಿತ್ತು. ಇನ್ನೊಮ್ಮೆ ಯಾವ ಚುಕ್ಕೆಯೂ ಮಿತಿ ದಾಟಲಿಲ್ಲ, ಆದರೆ ಎಂಟು ದಿನ ಸತತವಾಗಿ ಚುಕ್ಕೆಗಳು ಸರಾಸರಿಗಿಂತ ಮೇಲೆಯೇ ಕುಳಿತವು. ಅದೂ ಸೂಚನೆಯೇ: ಲಾರಿ ಬರುವ ಹೊತ್ತು ಮೆಲ್ಲಗೆ ಹಿಂದೆ ಸರಿದಿತ್ತು.

ಭಾನುವಾರ ಕೆಲಸವೇ ಅರ್ಧ. ಅದನ್ನು ಇದೇ ಚಾರ್ಟಿಗೆ ಸೇರಿಸಿದರೆ ದಿನದಿನದ ವ್ಯತ್ಯಾಸ ಉಬ್ಬಿ, ಮಿತಿಗಳು ಅಗಲವಾಗಿ, 61 ಕೂಡ ಸಲೀಸಾಗಿ ಒಳಗೆ ನುಸುಳಿಬಿಡುತ್ತದೆ. ಅದಕ್ಕೇ ಭಾನುವಾರಕ್ಕೆ ಬೇರೆ ಚಾರ್ಟ್ ಇಟ್ಟಿದ್ದೇವೆ. ಪೈ ಚಾರ್ಟ್ ಈಗಲೂ ಇದೆ, ಕೊನೆಯ ಪುಟದಲ್ಲಿ. ಮಾಡಿದವರ ಮನಸ್ಸು ನೋಯಿಸಲು ನನಗಿಷ್ಟವಿಲ್ಲ.