ಚಿತ್ರಸಂಗ್ರಹದ ಸ್ಥಾನಾಂತರ: ಎರಡು ಮಾರ್ಗಗಳ ವಿಮರ್ಶೆ

ಐಫೋನನ್ನು ತೊರೆದು ಆಂಡ್ರಾಯ್ಡ್ ಫೋನನ್ನು ಕೊಂಡವರು ತಮ್ಮ ಚಿತ್ರಗಳನ್ನು ಒಯ್ಯುವ ಮಾರ್ಗಗಳಲ್ಲಿ ಎರಡನ್ನು ಇಲ್ಲಿ ಪರೀಕ್ಷಿಸಬೇಕೆಂದಿದ್ದೇನೆ. ಕೇಬಲ್ಲಿನಿಂದ ಕಂಪ್ಯೂಟರಿಗೂ ಅಲ್ಲಿಂದ ಹೊಸ ಫೋನಿಗೂ ಫೈಲುಗಳನ್ನು ನಕಲು ಮಾಡುವುದು ಒಂದು, privacy.apple.com ಎಂಬ ತಾಣದಲ್ಲಿ ಕೋರಿಕೆ ಸಲ್ಲಿಸಿ ಐಕ್ಲೌಡಿನ ಚಿತ್ರಗಳ ಪ್ರತಿಯನ್ನು ಗೂಗಲ್ ಫೋಟೋಸ್‌ಗೆ ಕಳುಹಿಸುವುದು ಇನ್ನೊಂದು. ಈ ಎರಡನೆಯ ಸೌಲಭ್ಯವನ್ನು ಆಪಲ್ ಸಂಸ್ಥೆಯು 2021ರಲ್ಲಿ ಆರಂಭಿಸಿತು.

ಗೃಹಪ್ರವೇಶದ ದಿನ ತೆಗೆದ IMG_2217.HEIC ಎಂಬ ಒಂದೇ ಚಿತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಂಚು ಕತ್ತರಿಸಿ ಬೆಳಕನ್ನು ತಿದ್ದಿದ, ಹೃದಯದ ಗುರುತನ್ನೊತ್ತಿ ಅಚ್ಚುಮೆಚ್ಚಿನವುಗಳಲ್ಲಿ ಸೇರಿಸಿದ, ‘ಗೃಹಪ್ರವೇಶ’ವೆಂಬ ಆಲ್ಬಮ್ಮಿನಲ್ಲಿ ಇರಿಸಿದ ಚಿತ್ರವಿದು. ನೋಡುವ ಕಣ್ಣಿಗೆ ಇವೆಲ್ಲವೂ ಚಿತ್ರದಲ್ಲಿಯೇ ಅಡಕವಾಗಿರುವಂತೆ ತೋರಿದರೂ, ವಸ್ತುತಃ ಫೈಲಿನೊಳಗೆ ಇರುವುದು ಮೂಲಚಿತ್ರವೂ, ಎಕ್ಸಿಫ್ ಎಂಬ ಭಾಗದಲ್ಲಿ ಬರೆದಿರುವ ದಿನ-ವೇಳೆ ಮೊದಲಾದ ವಿವರಗಳೂ ಮಾತ್ರ. ಆಲ್ಬಮ್ಮಿನ ಸಂಬಂಧವೂ ಹೃದಯದ ಗುರುತೂ ಫೋನಿನ Photos.sqlite ಎಂಬ ದತ್ತಕೋಶದಲ್ಲಿರುತ್ತವೆ. ಗ್ರಂಥಾಲಯದ ಸೂಚಿಯಲ್ಲಿನ ಚೀಟಿಯು ಪುಸ್ತಕದಿಂದ ಬೇರೆಯಾಗಿರುವಂತೆ ಇವು ಚಿತ್ರದಿಂದ ಬೇರೆಯಾಗಿವೆ.

ಕೇಬಲ್ಲಿನ ಮಾರ್ಗದ ಮುಖ್ಯ ದೋಷವು ಇದರಿಂದಲೇ ಹುಟ್ಟುವುದು. ಕಂಪ್ಯೂಟರಿನಲ್ಲಿ DCIM ಫೋಲ್ಡರನ್ನು ತೆರೆದರೆ ಆಲ್ಬಮ್ಮಿನ ಹೆಸರು ಎಲ್ಲಿಯೂ ಕಾಣಿಸದು. ನಮ್ಮ ಚಿತ್ರವು ಅಲ್ಲಿ ಮೂರಾಗಿ ಒಡೆದಿರುತ್ತದೆ: ತಿದ್ದದ IMG_2217, ತಿದ್ದಿದ IMG_E2217, ಮತ್ತು ತಿದ್ದುಪಡಿಯ ವಿವರವನ್ನು ಹೊತ್ತ .AAE ಎಂಬ ಸಣ್ಣ ಫೈಲು. ಈ ಮೂರನೆಯದು ಆಂಡ್ರಾಯ್ಡಿನಲ್ಲಿ ನಿರುಪಯುಕ್ತ. ಮೊದಲೆರಡು ಒಂದರ ಪಕ್ಕದಲ್ಲೊಂದು ಅವಳಿಗಳಂತೆ ನಿಲ್ಲುವುವು. ಫೋನಿನಲ್ಲಿ ಸ್ಥಳ ಉಳಿಸುವ ಏರ್ಪಾಡನ್ನು ಆರಿಸಿಕೊಂಡಿದ್ದವರ ಸ್ಥಿತಿ ಇನ್ನೂ ಕಷ್ಟಕರ, ಏಕೆಂದರೆ ಅವರ ಅನೇಕ ಮೂಲಚಿತ್ರಗಳು ಐಕ್ಲೌಡಿನಲ್ಲಿದ್ದು ಕೇಬಲ್ಲಿಗೆ ದೊರಕುವುದೇ ಇಲ್ಲ. ವೀಡಿಯೋಗಳ ವೇಳೆಯಲ್ಲಿಯೂ ಒಂದು ತೊಡಕುಂಟು: ವೀಡಿಯೋ ಫೈಲಿನ ಮುಖ್ಯ ಕಾಲಸೂಚನೆಯು ವಿಶ್ವಕಾಲಮಾನದಲ್ಲಿರುವುದರಿಂದ, ಅದನ್ನು ಸ್ಥಳೀಯ ವೇಳೆಯೆಂದೇ ಓದುವ ತಂತ್ರಾಂಶದಲ್ಲಿ ಬೆಳಿಗ್ಗೆ 7 ಗಂಟೆಯ ಮುಹೂರ್ತದ ವೀಡಿಯೋ ರಾತ್ರಿ 1.30ರದಾಗಿ, ಹಿಂದಿನ ಸಂಜೆಯ ಸಿದ್ಧತೆಯ ಚಿತ್ರಗಳ ಬೆನ್ನಿಗೇ ಬಂದು ಕೂರುತ್ತದೆ. ಐದೂವರೆ ತಾಸಿನ ಅಂತರವನ್ನು ಕಂಡೊಡನೆಯೇ ಕಾರಣ ಇದೆಂದು ತಿಳಿಯತಕ್ಕದ್ದು.

ಎರಡನೆಯ ಮಾರ್ಗವು ನಿಸ್ಸಂದೇಹವಾಗಿ ಉತ್ತಮವಾದುದು, ಏಕೆಂದರೆ ಅದು ಆಲ್ಬಮ್ಮುಗಳನ್ನು ಒಯ್ಯುತ್ತದೆ. ಕೋರಿಕೆ ಪೂರ್ಣಗೊಳ್ಳಲು ಮೂರರಿಂದ ಏಳು ದಿನಗಳು ಬೇಕೆಂದು ಆಪಲ್ ಹೇಳುತ್ತದೆ. ಗೂಗಲ್ಲಿನಲ್ಲಿ ಉಚಿತವಾಗಿ ದೊರೆಯುವ 15 ಜಿಬಿ ಸಾಲದಿದ್ದರೆ ಮೊದಲೇ ಸ್ಥಳವನ್ನು ಹೆಚ್ಚಿಸಿಕೊಳ್ಳಬೇಕು. ಆದರೂ ಈ ಮಾರ್ಗ ಸರ್ವಸಮರ್ಪಕವೆಂದು ನಾನು ಒಪ್ಪಲಾರೆ. ತಿದ್ದಿದ ಚಿತ್ರದ ಕೊನೆಯ ರೂಪ ಮಾತ್ರ ಹೋಗುತ್ತದೆ, ಮೂಲ ಹೋಗುವುದಿಲ್ಲ. ವೀಡಿಯೋಗಳು ಆಲ್ಬಮ್ಮಿನಿಂದ ಬೇರೆಯಾಗಿ ತಲುಪುತ್ತವೆ. ಲೈವ್ ಫೋಟೋಗಳೂ ಕೆಲವು ವಿವರಗಳೂ ಬಾರದೆ ಹೋಗಬಹುದೆಂದು ಆ ಸಂಸ್ಥೆಯೇ ಸೂಚಿಸುತ್ತದೆ. ನನ್ನ ಮಟ್ಟಿಗೆ ಇವುಗಳಲ್ಲಿ ಗುರುತರವಾದ ನಷ್ಟ ಮೂಲಚಿತ್ರದ್ದು. ಅಂಚಿನಲ್ಲಿ ಕತ್ತರಿಸಿ ತೆಗೆದ ಬಂಧುವಿನ ಮುಖವು ಹತ್ತು ವರ್ಷಗಳ ಮೇಲೆ ಬೇಕೆನಿಸಿದಾಗ ಅದು ಹೊಸ ಸಂಗ್ರಹದಲ್ಲಿ ಎಲ್ಲಿಯೂ ಇರುವುದಿಲ್ಲ.

ಆದುದರಿಂದ ಕೋರಿಕೆಗೆ ಮುನ್ನವೇ ಐಫೋನಿನಲ್ಲಿ ಮಾಡಬೇಕಾದ ಕೆಲಸವಿದೆ. ತಿದ್ದಿದ ಚಿತ್ರಗಳ ಪೈಕಿ ಮುಖ್ಯವಾದವುಗಳ ಒಂದೊಂದು ನಕಲನ್ನು ಮಾಡಿ, ಆ ನಕಲಿನ ತಿದ್ದುಪಡಿಯನ್ನು ರದ್ದುಗೊಳಿಸಿದರೆ, ಮೂಲವು ಸ್ವತಂತ್ರ ಚಿತ್ರವಾಗಿ ಪ್ರಯಾಣ ಮಾಡುವುದು. ಹೃದಯದ ಗುರುತನ್ನು ನಂಬದೆ, ಅಚ್ಚುಮೆಚ್ಚಿನವುಗಳನ್ನೆಲ್ಲ ಒಂದು ಸಾಮಾನ್ಯ ಆಲ್ಬಮ್ಮಿಗೆ ಸೇರಿಸುವುದು ಕ್ಷೇಮ. ಆಲ್ಬಮ್ ಹೋಗುವ ದಾರಿಯಲ್ಲಿಯೇ ಆ ಆಯ್ಕೆಯೂ ಹೋಗುತ್ತದೆ. ಪ್ರತಿ ಆಲ್ಬಮ್ಮಿನ ಚಿತ್ರಸಂಖ್ಯೆಯನ್ನೂ ವೀಡಿಯೋಸಂಖ್ಯೆಯನ್ನೂ ಪ್ರತ್ಯೇಕವಾಗಿ ಬರೆದಿಟ್ಟುಕೊಂಡರೆ, ಆ ಬಳಿಕ ಕೊರತೆ ಕಂಡಾಗ ಅದು ವೀಡಿಯೋಗಳದೋ ನಿಜವಾಗಿ ಕಳೆದುಹೋದ ಚಿತ್ರಗಳದೋ ತಿಳಿಯುತ್ತದೆ.

ಉಳಿದುದು ಕಾಲಾನುಕ್ರಮ. 1974ರ ಮದುವೆಯ ಪಟವೊಂದನ್ನು 2022ರಲ್ಲಿ ಫೋನಿನ ಕ್ಯಾಮೆರಾದಿಂದ ತೆಗೆದು, ಅದರ ದಿನಾಂಕವನ್ನು ಫೋನಿನಲ್ಲಿಯೇ 1974ಕ್ಕೆ ಬದಲಿಸಿದವರು, ಆ ಬದಲಾವಣೆಯೂ ದತ್ತಕೋಶದಲ್ಲಿಯೇ ಇದ್ದು ಮೂಲ ಫೈಲಿನ ಎಕ್ಸಿಫ್‌ನಲ್ಲಿ 2022 ಹಾಗೆಯೇ ಉಳಿದಿರುವುದನ್ನು ಅರಿತಿರುವುದಿಲ್ಲ. ಹೊಸ ಫೋನಿನಲ್ಲಿ ಅಜ್ಜ-ಅಜ್ಜಿಯರು ಮೊಮ್ಮಕ್ಕಳ ಹುಟ್ಟುಹಬ್ಬದ ನಡುವೆ ಕಾಣಿಸಿಕೊಂಡರೆ ಕಾರಣ ಇದೇ. ಗೂಗಲ್ ಫೋಟೋಸ್‌ನ ವೆಬ್ ಪುಟದಲ್ಲಿ ಅನೇಕ ಚಿತ್ರಗಳ ದಿನಾಂಕವನ್ನು ಒಟ್ಟಿಗೆ ತಿದ್ದಬಹುದು. ಆದರೆ ಆ ತಿದ್ದುಪಡಿ ಮತ್ತೊಂದು ಸಂಸ್ಥೆಯ ದತ್ತಕೋಶದಲ್ಲಿ ನೆಲೆಸುವುದಷ್ಟೆ, ಮುಂದೆ ಅಲ್ಲಿಂದ ಟೇಕ್‌ಔಟ್ ಮೂಲಕ ಹೊರತಂದಾಗ ಚಿತ್ರದಿಂದ ಬೇರೆಯಾದ JSON ಫೈಲಿನಲ್ಲಿ ದೊರೆಯುವುದು. ಇಂಥ ಹಳೆಯ ಪಟಗಳನ್ನು ಮಾತ್ರ ಮೊದಲು ಕಂಪ್ಯೂಟರಿಗೆ ತಂದು, ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ದಿನಾಂಕವನ್ನು ಫೈಲಿನೊಳಗೇ ಬರೆದು, ಅನಂತರ ಗೂಗಲ್ಲಿಗೆ ಏರಿಸುವುದು ನಾನು ಕಂಡಂತೆ ಸ್ಥಿರವಾದ ಪರಿಹಾರ:

```
exiftool "-AllDates=1974:05:12 10:00:00" maduve.jpg
```

ತಿದ್ದುವ ಮುನ್ನಿನ ಪ್ರತಿಯನ್ನು ಅದು maduve.jpg_original ಎಂಬ ಹೆಸರಿನಲ್ಲಿ ಪಕ್ಕದಲ್ಲಿಯೇ ಉಳಿಸಿಡುತ್ತದೆ.